ಹೊಂಡದ ನೀರು ಎಲ್ಲಿಗೆ ಹೋಯಿತು?

ಹೋದ ವರ್ಷ ಆಗಸ್ಟ್ ಕೊನೆಯಲ್ಲಿ ತಮ್ಮ ಊರಿಂದ ಒಂದು ಫೋಟೋ ಕಳಿಸಿದ್ದ. ಲಿಂಗಸುಗೂರು ತಾಲೂಕಿನ ನಮ್ಮ ಕೆಂಪು ಹೊಲದ ಮೂಲೆಯಲ್ಲಿ ಹೊಸದಾಗಿ ತೋಡಿಸಿದ ಕೃಷಿ ಹೊಂಡ, ಅದರ ತುಂಬಾ ಕೆಂಪು ನೀರು, ದಡದ ಮೇಲೆ ಸೊಂಟಕ್ಕೆ ಕೈ ಇಟ್ಟುಕೊಂಡು ನಿಂತ ನಮ್ಮ ಅವ್ವ. ಉಪ್ಪಲ್‌ನಲ್ಲಿ ನಾನು ಕೆಲಸ ಮಾಡುವ ವರ್ಕ್‌ಶಾಪಿನಲ್ಲಿ ಅದನ್ನು ಎಲ್ಲರಿಗೂ ತೋರಿಸಿದೆ. ‘ನೀಟಿ ಕುಂಟ ಬಾಗುಂದಿ’ ಎಂದರು ಜೊತೆಯವರು. ತಿಂಗಳು ತುಂಬುವ ಮೊದಲೇ ತಮ್ಮನ ಫೋನು ಬಂತು.

“ಅಣ್ಣ, ಹೊಂಡ ಖಾಲಿ ಆಗ್ಯಾದ.”

“ತೊಗರಿಗೆ ಬಿಟ್ಟೇನು?”

“ಒಂದು ಕೊಡ ಸುದ್ದಾ ಎತ್ತಿಲ್ಲ. ನೆಲಾನೇ ಕುಡದದ.”

ಇದು ನಮ್ಮ ಮನೆಯದೊಂದೇ ಕಥೆಯಲ್ಲ. 2014-15ರಲ್ಲಿ ಕರ್ನಾಟಕದಲ್ಲಿ ಕೃಷಿ ಭಾಗ್ಯ ಯೋಜನೆ ಶುರುವಾದ ಮೇಲೆ ಮಳೆಯಾಶ್ರಿತ ತಾಲೂಕುಗಳಲ್ಲಿ ಹೊಂಡ ಇಲ್ಲದ ಊರು ಹುಡುಕುವುದು ಕಷ್ಟ. ಆ ಯೋಜನೆಯಲ್ಲಿ ಹೊಂಡದ ಜೊತೆಗೆ ಪಾಲಿಥೀನ್ ಹಾಳೆಯನ್ನೂ ಸೇರಿಸಿದ್ದಕ್ಕೆ ಕಾರಣವಿದೆ. ನಾವು ಸ್ವಂತ ದುಡ್ಡಿನಲ್ಲಿ ತೋಡಿಸಿದವರು, ಹಾಳೆಯ ಖರ್ಚು ಉಳಿಸಿದೆವು ಎಂದು ಹಿಗ್ಗಿದ್ದೆವು. ಊರಲ್ಲಿ ಹೊಲ ಇಟ್ಟುಕೊಂಡು ದೂರದಿಂದಲೇ ಫೋನಿನಲ್ಲಿ ಒಕ್ಕಲುತನ ಮಾಡುವ ನಮ್ಮಂಥವರು ಬಹಳ ಮಂದಿ ಇದ್ದೀರಿ. ಅದಕ್ಕೇ ಈ ಸಲ ಅಂಕಣದಲ್ಲಿ ಹೊಂಡದ ಲೆಕ್ಕ.

ಫೋನು ಬಂದ ದಿನದಿಂದ ಸಲಹೆಗಳು ಶುರುವಾದವು. ಸೋದರಮಾವ ಕೆರೆಯ ಜಿಗುಟು ಮಣ್ಣು ಹಾಕಿ ತುಳಿಸಿ ಅಂದ. ಊರಿನ ಗೌಂಡಿ ಕಾಂಕ್ರೀಟ್ ಹೊಡೆದುಬಿಡಿ, ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ ಅಂದ. ಗೊಬ್ಬರದ ಅಂಗಡಿಯವನು ಹಾಳೆಯ ಸ್ಯಾಂಪಲ್ಲನ್ನೇ ತಮ್ಮನ ಕೈಗೆ ಕೊಟ್ಟು ಕಳಿಸಿದ. ನನ್ನ ಕೆಲಸ ಅಳತೆ ನೋಡುವುದು. ಗೇಜು, ಮೈಕ್ರೋಮೀಟರು ಹಿಡಿದು ಇಪ್ಪತ್ತು ವರ್ಷ ಕಳೆದವನು. ಎಷ್ಟು ಸೋರುತ್ತಿದೆ ಎಂದು ತಿಳಿಯದೆ ಯಾವ ಔಷಧ ಎಂದು ಹೇಗೆ ಹೇಳುವುದು? ಅಕ್ಟೋಬರ್ ಮೊದಲ ವಾರದ ಮಳೆಗೆ ಹೊಂಡದಲ್ಲಿ ಮತ್ತೆ 2 ಮೀಟರ್ ನೀರು ನಿಂತಿತ್ತು. ದಸರೆಯ ರಜೆಗೆ ಊರಿಗೆ ಹೋದೆ.

ಅಳತೆಗೆ ಬೇಕಾದದ್ದು ಎರಡೇ ಸಾಮಾನು. ಸೆಂಟಿಮೀಟರ್ ಗುರುತು ಹಾಕಿದ ಒಂದು ಬಿದಿರು ಕೋಲನ್ನು ಹೊಂಡದ ಒಳಗೆ ಅಲುಗದಂತೆ ನೆಟ್ಟೆವು. ಬಟ್ಟೆ ನೆನೆಸುವ ಅಗಲ ಬಾಯಿಯ ಪ್ಲಾಸ್ಟಿಕ್ ಟಬ್ಬನ್ನು ದಡದಲ್ಲಿ ಬಿಸಿಲು ಗಾಳಿ ಬೀಳುವ ಕಡೆ ಅರ್ಧ ಹೂತು, ನೀರು ತುಂಬಿ, ಅದಕ್ಕೂ ಒಂದು ಗುರುತು ಮಾಡಿದೆವು. ಟಬ್ಬು ಸೋರುವುದಿಲ್ಲ, ಅದರಲ್ಲಿ ಇಳಿಯುವ ನೀರೆಲ್ಲ ಬಿಸಿಲಿಗೆ ಆರಿದ್ದು. ಹೊಂಡದಲ್ಲಿ ಅದಕ್ಕಿಂತ ಎಷ್ಟು ಹೆಚ್ಚು ಇಳಿಯುತ್ತದೋ ಅದು ನೆಲ ಕುಡಿದದ್ದು. ಟಬ್ಬಿನ ಮೇಲೆ ನಾಯಿ, ಕಾಗೆ ಕುಡಿಯದ ಹಾಗೆ ಒಂದು ತಂತಿ ಬಲೆ ಇಟ್ಟರೆ ಸಾಕು.

ಏಳು ದಿನಕ್ಕೆ ಹೊಂಡ 62 ಸೆಂ.ಮೀ. ಇಳಿಯಿತು. ಟಬ್ಬು ಇಳಿದದ್ದು 4 ಸೆಂ.ಮೀ. ಅಂದರೆ 58 ಸೆಂ.ಮೀ. ನೆಲದ ಪಾಲು, ದಿನಕ್ಕೆ 8 ಸೆಂ.ಮೀ.ಗೂ ಸ್ವಲ್ಪ ಹೆಚ್ಚು.

ನಮ್ಮ ಹೊಂಡ ಮೇಲೆ 21 ಮೀಟರ್ ಚೌಕ, ಆಳ 3 ಮೀಟರ್. ಬದಿಗಳು ಒಂದಕ್ಕೆ ಒಂದರ ಇಳಿಜಾರು, ಹಾಗಾಗಿ ತಳದಲ್ಲಿ 15 ಮೀಟರ್ ಚೌಕ. ಆ ವಾರ ನೀರಿನ ಮೇಲ್ಮೈ ಸರಾಸರಿ 340 ಚದರ ಮೀಟರ್ ಇತ್ತು. ಗುಣಿಸಿದರೆ ದಿನಕ್ಕೆ ಸುಮಾರು 28,000 ಲೀಟರ್, ವಾರಕ್ಕೆ ಹತ್ತಿರ ಹತ್ತಿರ ಎರಡು ಲಕ್ಷ ಲೀಟರ್. ಒಂದು ಎಕರೆಗೆ 5 ಸೆಂ.ಮೀ. ನೀರು ಹಾಯಿಸಲು ಬೇಕಾದದ್ದೂ ಸರಿಯಾಗಿ ಎರಡು ಲಕ್ಷ ಲೀಟರೇ. ಹೂವಾಡುವ ತೊಗರಿಗೆ ಕೊಡಬೇಕಾದ ಒಂದು ಎಕರೆಯ ನೀರನ್ನು ಪ್ರತಿ ವಾರವೂ ಹೊಂಡದ ನೆಲ ಕುಡಿಯುತ್ತಿತ್ತು. ಈ ಲೆಕ್ಕವನ್ನು ಹಾಳೆಯ ಮೇಲೆ ಬರೆದು ತೋರಿಸಿದಾಗ ತಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಆ ವರ್ಷದ ತೊಗರಿ ನವೆಂಬರಿನಲ್ಲಿ ಹೂವು ಉದುರಿಸಿಕೊಂಡು ನಿಂತಿತ್ತು, ಎಕರೆಗೆ ಎರಡು ಚೀಲವೂ ಆಗಲಿಲ್ಲ.

ಎಲ್ಲಿ ಸೋರುತ್ತಿದೆ ಎಂಬುದು ನೀರು ಇಳಿದ ಮೇಲೆ ಬದಿಯಲ್ಲೇ ಕಾಣಿಸಿತು. ಮೇಲೆ ಮೊಣಕಾಲುದ್ದ ಕೆಂಪು ಮಣ್ಣು. ಅದರ ಕೆಳಗೆ ತಳದವರೆಗೂ ಗರಸು, ಬೆರಳಲ್ಲಿ ಕೆದರಿದರೆ ಸಕ್ಕರೆಯ ಹಾಗೆ ಉದುರುತ್ತದೆ. ಅದು ಕೊಳೆತ ಕಲ್ಲು, ನೀರಿಗೆ ಜರಡಿ ಇದ್ದ ಹಾಗೆ. ಕಪ್ಪು ನೆಲದವರು ‘ನಮಗೆ ಹಾಳೆ ಬೇಡ’ ಅನ್ನುತ್ತಾರೆ, ಅದು ಎರೆ ಮಣ್ಣು ಆಳವಾಗಿರುವ ಕಡೆ ನಿಜ. ಆದರೆ ನಮ್ಮ ಊರಿನ ಪಡುವಣ ದಿಕ್ಕಿನ ಎರೆ ಹೊಲದಲ್ಲೂ ಒಂದು ಹೊಂಡ ಹೀಗೇ ಬರಿದಾಯಿತು. ಅಲ್ಲಿ ಎರೆ ಇದ್ದದ್ದು ನಾಲ್ಕೇ ಅಡಿ, ತೋಡಿದ್ದು ಹತ್ತು ಅಡಿ. ಮೇಲಿನ ಮಣ್ಣು ನೋಡಿ ತೀರ್ಮಾನ ಮಾಡಬಾರದು, ಹೊಂಡದ ತಳ ಯಾವ ಪದರದಲ್ಲಿ ಕೂತಿದೆ ಎಂದು ನೋಡಬೇಕು.

ಈಗ ಮಾವನ ಮಾತಿಗೆ ಬರೋಣ. ಅವನ ಮಾತು ತೆಗೆದುಹಾಕುವಂಥದ್ದಲ್ಲ. ಸಿಂಧನೂರಿನ ಕಡೆ ಭತ್ತದ ಗದ್ದೆಯಲ್ಲಿ ಕೆಸರು ಕಲಸಿ ನೀರು ನಿಲ್ಲಿಸುವುದೂ ಅದೇ ವಿದ್ಯೆ, ಜೇಡಿಯನ್ನು ಹದವಾದ ತೇವದಲ್ಲಿ ತುಳಿದರೆ ಅದರ ರಂಧ್ರಗಳು ಮುಚ್ಚಿಕೊಳ್ಳುತ್ತವೆ. ಕೆರೆಯ ಮಣ್ಣು ತಂದು ಪರೀಕ್ಷೆಯನ್ನೂ ಮಾಡಿದೆವು. ಒದ್ದೆ ಮಾಡಿ ಅಂಗೈಯಲ್ಲಿ ಹೊಸೆದರೆ ಪೆನ್ಸಿಲ್‌ಗಿಂತ ಸಣ್ಣ ಎಳೆ ಬಂತು, ಮಡಿಸಿದರೂ ಮುರಿಯಲಿಲ್ಲ. ಮಣ್ಣು ಒಳ್ಳೆಯದೇ.

ಕಷ್ಟ ಇದ್ದದ್ದು ಹೊಂಡದ ಆಕಾರದಲ್ಲಿ. ಜೇಡಿಯ ಅಸ್ತರಿ ಕನಿಷ್ಠ 30 ಸೆಂ.ಮೀ. ದಪ್ಪ ಬೇಕು, ಅದನ್ನೂ ಒಂದೇ ಸಲ ಸುರಿದರೆ ಆಗದು. ಗೇಣುದ್ದದ ಎರಡು ಪದರ ಹಾಕಿ, ಪ್ರತಿ ಪದರಕ್ಕೂ ಹದವಾಗಿ ನೀರು ಚಿಮುಕಿಸಿ ದಮ್ಮಸ್ಸು ಮಾಡಬೇಕು. ನಮ್ಮ ಹೊಂಡದ ತಳ ಮತ್ತು ನಾಲ್ಕು ಬದಿ ಸೇರಿ 530 ಚದರ ಮೀಟರ್. 30 ಸೆಂ.ಮೀ. ಎಂದರೆ ಬಡಿದು ಕೂತ ಮಣ್ಣು 160 ಘನ ಮೀಟರ್, ಸಡಿಲ ಮಣ್ಣಾದರೆ 200. ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಹೆಚ್ಚೆಂದರೆ 3 ಘನ ಮೀಟರ್ ಹಿಡಿಯುತ್ತದೆ, ಅಲ್ಲಿಗೆ 65ರಿಂದ 70 ಟ್ರಿಪ್ಪು. ಅಷ್ಟೂ ತಂದರೂ ಒಂದಕ್ಕೆ ಒಂದರ ಕಡಿದಾದ ಬದಿಯಲ್ಲಿ ಒದ್ದೆ ಜೇಡಿ ನಿಲ್ಲುವುದಿಲ್ಲ, ರೋಲರೂ ಏರುವುದಿಲ್ಲ, ಮೊದಲ ಮಳೆಗೇ ಜಾರಿ ತಳ ಸೇರುತ್ತದೆ. ಜೇಡಿಗೆ ಬದಿ ಒಂದಕ್ಕೆ ಎರಡರಷ್ಟಾದರೂ ಓರೆಯಾಗಿರಬೇಕು, ಅಂದರೆ ಅದೇ ನೀರಿಗೆ ಇನ್ನೂ ಅಗಲವಾದ ಹೊಂಡ. ಇನ್ನೊಂದು ತೊಡಕು ಬೇಸಿಗೆ. ನಮ್ಮ ಹೊಂಡ ಮಾರ್ಚಿನಿಂದ ಒಣಗಿರುತ್ತದೆ. ಎರೆ ಮಣ್ಣು ಒಣಗಿದರೆ ಬೆರಳು ತೂರುವಷ್ಟು ಬಿರಿಯುತ್ತದೆ. ಮುಂದಿನ ಮಳೆಯಲ್ಲಿ ಅದು ಉಬ್ಬಿ ಬಿರುಕು ಕೂಡಿಕೊಳ್ಳುವ ಹೊತ್ತಿಗೆ ಮೊದಲ ನೀರೆಲ್ಲ ಗರಸಿನ ಪಾಲು. ವರ್ಷವಿಡೀ ತಳದಲ್ಲಿ ತೇವ ಉಳಿಯುವ, ಹರವಾದ, ಆಳ ಕಡಿಮೆಯ ಕುಂಟೆಗೆ ಮಾವನ ಮಾತೇ ಸರಿ. ಅವನು ನೋಡಿದ್ದೂ ಅಂಥ ಕುಂಟೆಗಳನ್ನೇ.

ಗೌಂಡಿಯ ಕಾಂಕ್ರೀಟಿಗೆ ಲೆಕ್ಕ ಚಿಕ್ಕದು. 530 ಚದರ ಮೀಟರಿಗೆ 10 ಸೆಂ.ಮೀ. ದಪ್ಪ ಹಾಕಿದರೆ 53 ಘನ ಮೀಟರ್ ಕಾಂಕ್ರೀಟು, ಬರೀ ಸಿಮೆಂಟೇ 330 ಚೀಲದ ಆಸುಪಾಸು. ದುಡ್ಡು ಕೊಟ್ಟರೂ ಕಬ್ಬಿಣ ಇಲ್ಲದ ತೆಳು ಕಾಂಕ್ರೀಟು ಏಪ್ರಿಲ್ ಬಿಸಿಲಿಗೆ ಖಾಲಿ ಬಿದ್ದು ಕಾದು, ಜೂನಿನಲ್ಲಿ ತಣ್ಣೀರು ಕುಡಿದು, ಕೆಳಗಿನ ಮಣ್ಣು ಕುಸಿದ ಕಡೆ ಸೀಳುತ್ತದೆ. ಗರಸಿನ ಮೇಲೆ ಒಂದು ಸೀಳು ಸಾಕು. ಇದಕ್ಕಿಂತ ಅಗ್ಗದ ಒಂದು ದಾರಿ ಅನಂತಪುರದ ಒಣಬೇಸಾಯ ಸಂಶೋಧಕರು ಕೆಂಪು ನೆಲದಲ್ಲಿ ಮಾಡಿ ನೋಡಿದ್ದು: ಜರಡಿ ಹಿಡಿದ ಮಣ್ಣು ಆರು ಪಾಲು, ಸಿಮೆಂಟು ಒಂದು ಪಾಲು ಕಲಸಿ ಬದಿಗೆ ಮೆತ್ತುವುದು. ಸುಮಾರು 6 ಸೆಂ.ಮೀ. ದಪ್ಪಕ್ಕೆ ನಮ್ಮ ಹೊಂಡಕ್ಕೆ 150-170 ಚೀಲ ಬೀಳುತ್ತಿತ್ತು. ವಾರಗಟ್ಟಲೆ ಗೋಣಿತಟ್ಟು ನೆನೆಸಿ ಹಾಕಬೇಕು, ವರ್ಷವೂ ಕೂದಲೆಳೆ ಬಿರುಕುಗಳನ್ನು ಸಿಮೆಂಟ್ ಹಾಲಿನಿಂದ ಮುಚ್ಚಬೇಕು. ಹೊಲದಲ್ಲೇ ಮನೆ ಮಾಡಿಕೊಂಡಿರುವವರಿಗೆ ಇದು ಒಗ್ಗುತ್ತದೆ. ಆಡು ಕುರಿ ಇಳಿದರೂ ಹರಿಯುವುದಿಲ್ಲ ಎಂಬ ಲಾಭವೂ ಇದೆ, ಅದರ ಬೆಲೆ ನನಗೆ ಆಮೇಲೆ ತಿಳಿಯಿತು.

ಕೊನೆಗೆ ಉಳಿದದ್ದು ಹಾಳೆ. ಪೇಟೆಯಲ್ಲಿ ಎಲ್ಲದಕ್ಕೂ ತಾಡಪತ್ರಿ ಎಂದೇ ಹೆಸರು, ಆದರೆ ರಾಶಿಗೆ ಹೊದಿಸುವ ತಾಡಪತ್ರಿ ಬೇರೆ, ಹೊಂಡದ ಹಾಳೆ ಬೇರೆ. ಹೊಂಡಕ್ಕೆ ಬೇಕಾದದ್ದು 500 ಮೈಕ್ರಾನ್, ಅಂದರೆ ಅರ್ಧ ಮಿ.ಮೀ. ದಪ್ಪದ ಎಚ್‌ಡಿಪಿಇ. ನೇಯ್ದು ಎರಡೂ ಕಡೆ ಲ್ಯಾಮಿನೇಟ್ ಮಾಡಿದ ಹಾಳೆಗೆ ಐಎಸ್ 15351 ಎಂಬ ಮಾನದಂಡವಿದೆ, ಆ ಸಂಖ್ಯೆ ಹಾಳೆಯ ಮೇಲೆ ಅಚ್ಚಾಗಿರಬೇಕು. ದಪ್ಪ ನೋಡುವುದು ನನಗೆ ನಿತ್ಯದ ಕೆಲಸ: ಹಾಳೆಯ ಅಂಚನ್ನು ನಾಲ್ಕು ಪದರವಾಗಿ ಮಡಿಸಿ ಮೈಕ್ರೋಮೀಟರಿಗೆ ಕೊಟ್ಟರೆ 2 ಮಿ.ಮೀ. ತೋರಿಸಬೇಕು. ಉಪ್ಪಲ್ ಕೈಗಾರಿಕಾ ಪ್ರದೇಶದಲ್ಲಿ ನಾನು ಕೇಳಿದ ಮೊದಲ ಅಂಗಡಿಯ ಹಾಳೆ ಒಂದೂವರೆಯನ್ನೂ ಮುಟ್ಟಲಿಲ್ಲ. ಅಂಗಡಿಯವನು ಮೈಕ್ರೋಮೀಟರನ್ನೇ ಅನುಮಾನದಿಂದ ನೋಡಿದ. ಎರಡನೆಯವನದು ಸರಿಯಿತ್ತು, ಚದರ ಮೀಟರಿಗೆ 90 ರೂಪಾಯಿ.

ಎಷ್ಟು ಹಾಳೆ ಬೇಕು ಎಂಬಲ್ಲಿ ಬಹಳ ಜನ ತಪ್ಪುತ್ತಾರೆ. ಮೇಲಿನ ಅಗಲ 21 ಮೀಟರ್ ಎಂದು ಅಷ್ಟೇ ತಂದರೆ ದಡ ಮುಟ್ಟುವ ಮೊದಲೇ ಮುಗಿಯುತ್ತದೆ. ಹಾಳೆ ಒಂದು ಬದಿ ಇಳಿದು, ತಳ ದಾಟಿ, ಇನ್ನೊಂದು ಬದಿ ಹತ್ತಬೇಕು. 3 ಮೀಟರ್ ಆಳದ ಓರೆ ಬದಿಯ ಉದ್ದ 4.25 ಮೀಟರ್. ಎರಡು ಬದಿಗೆ 8.5, ತಳಕ್ಕೆ 15, ಒಟ್ಟು 23.5. ದಡದ ಮೇಲೆ ಹಾಯ್ದು ಕಾಲುವೆಯಲ್ಲಿ ಹೂಳಲು ಪ್ರತಿ ಕಡೆ ಒಂದೂವರೆ ಮೀಟರ್. ಅಲ್ಲಿಗೆ 26.5 ಮೀಟರ್ ಚೌಕ, 700 ಚದರ ಮೀಟರ್, 63,000 ರೂಪಾಯಿ. ಬೆಸುಗೆಯನ್ನು ಕಾರ್ಖಾನೆಯಲ್ಲೇ ಮಾಡಿಸಿ ಒಂದೇ ತುಂಡಾಗಿ ತಂದೆವು. ತೂಕ 300 ಕಿಲೋದ ಮೇಲಿತ್ತು.

ಹಾಸಿದ್ದು ಈ ವರ್ಷದ ಏಪ್ರಿಲಿನಲ್ಲಿ. ಅದಕ್ಕೆ ಮೊದಲು ನಾಲ್ಕು ದಿನ ಹೊಂಡದ ಮೈ ಸಾಪು ಮಾಡುವುದೇ ಆಯಿತು. ಮೊನಚು ಕಲ್ಲು ಹೆಕ್ಕಬೇಕು, ಬೇರು ಕತ್ತರಿಸಬೇಕು. ಎಲ್ಲಕ್ಕಿಂತ ಕೆಟ್ಟದ್ದು ಜೇಕು. ಅದರ ಗಡ್ಡೆ ನೆಲದಲ್ಲಿ ಉಳಿದರೆ ಮೊಳಕೆ ಸೂಜಿಯ ಹಾಗೆ ಹಾಳೆಯನ್ನೇ ತೂತು ಮಾಡಿಕೊಂಡು ಮೇಲೆ ಬರುತ್ತದೆ. ಗಡ್ಡೆ ಅಗೆದು ತೆಗೆದು, ಮೇಲೆ ಎರಡು ಬೆರಳು ದಪ್ಪ ನುಣ್ಣನೆ ಮಣ್ಣು ಬಳಿದು ಬಡಿದೆವು. ದಡದಿಂದ ಅರ್ಧ ಮೀಟರ್ ಆಚೆ ಸುತ್ತಲೂ ಅರ್ಧ ಮೀಟರ್ ಆಳ, ಅಷ್ಟೇ ಅಗಲದ ಕಾಲುವೆ ತೆಗೆದೆವು.

ಹಾಳೆ ಬಿಚ್ಚಿದ್ದು ಬೆಳಗಿನ ಆರಕ್ಕೆ. ಎಚ್‌ಡಿಪಿಇ ಬಿಸಿಲಿಗೆ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ. ಮಧ್ಯಾಹ್ನ ಬಿಗಿಯಾಗಿ ಎಳೆದು ಕಟ್ಟಿದರೆ ರಾತ್ರಿ ಅದು ತಳದ ಮೂಲೆಗಳಲ್ಲಿ ನೆಲ ಬಿಟ್ಟು ಕಮಾನಿನಂತೆ ನಿಲ್ಲುತ್ತದೆ, ಆಮೇಲೆ ನೀರಿನ ಭಾರ ಬಿದ್ದ ಕಡೆ ಹರಿಯುತ್ತದೆ. ಹದಿನೆಂಟು ಜನ ಚಪ್ಪಲಿ ಬಿಟ್ಟು ಒಳಗಿಳಿದು, ಎಲ್ಲೂ ಬಿಗಿಯದೆ, ಅಲ್ಲಲ್ಲಿ ನೆರಿಗೆ ಬಿಟ್ಟು ಹಾಸಿದರು. ನಾಲ್ಕು ಮೂಲೆಯ ಹೆಚ್ಚುವರಿಯನ್ನು ಕತ್ತರಿಸದೆ ಸೀರೆಯ ನೆರಿಗೆಯ ಹಾಗೆ ಮಡಿಸಿದೆವು. ಕಾಲುವೆಗೆ ಇಳಿಬಿಟ್ಟ ಅಂಚಿನ ಮೇಲೆ ಅರ್ಧ ಮಣ್ಣು ಮಾತ್ರ ತುಂಬಿ, ಮೊದಲ ಮಳೆಯ ನೀರಿಗೆ ಹಾಳೆ ಕೂತ ಮೇಲೆ ಉಳಿದರ್ಧ ತುಂಬಿದೆವು. ನೀರು ಒಳಬರುವ ಬಾಯಿಯಲ್ಲಿ ಒಂದು ಹೂಳುಗುಂಡಿ, ಅಲ್ಲಿಂದ ಹಾಳೆಯ ಮೇಲೇ ಬೀಳುವಂತೆ ಒಂದು ಪೈಪು. ಹರಿವ ನೀರು ಹಾಳೆಯ ಅಡಿಗೆ ನುಗ್ಗಿದರೆ ಮಣ್ಣು ಕೊಚ್ಚಿ ಇಡೀ ಹಾಳೆಯನ್ನೇ ಎತ್ತಿಬಿಡುತ್ತದೆ.

ಬೇಲಿ? ಬೇಲಿಯನ್ನು ಮುಂದಿನ ವರ್ಷ ನೋಡೋಣ ಅಂದವನು ನಾನೇ. ಉಪ್ಪಲ್‌ನಲ್ಲಿ ಕೂತು ಖರ್ಚು ಕಡಿಮೆ ಮಾಡುವುದು ಸುಲಭ.

ಸೆಪ್ಟೆಂಬರಿನಲ್ಲಿ ಹೊಂಡ ಎರಡೂವರೆ ಮೀಟರ್ ತುಂಬಿತು, 7 ಲಕ್ಷ 70 ಸಾವಿರ ಲೀಟರ್. ಒಂದು ದಿನ ಪಕ್ಕದ ಹೊಲದವರ ಆಡು ನೀರು ಕುಡಿಯಲು ಬಗ್ಗಿ ಜಾರಿತು. ಮಣ್ಣಿನ ಹೊಂಡದಲ್ಲಾದರೆ ಹೇಗೋ ಹತ್ತಿಕೊಂಡು ಬರುತ್ತಿತ್ತು. ನೆನೆದ ಹಾಳೆಯ ಮೇಲೆ ಕಾಲೂರುವುದು ಯಾರಿಗೂ ಸಾಧ್ಯವಿಲ್ಲ. ಅದು ಬದಿಗೆ ಗೊರಸು ಕೊಡುತ್ತಾ, ಜಾರುತ್ತಾ ಒದ್ದಾಡುತ್ತಿದ್ದಾಗ ತಮ್ಮ ಹಗ್ಗ ಎಸೆದು ಎಳೆದುಕೊಂಡ. ಅವ್ವ ಅವತ್ತು ರಾತ್ರಿಯೇ ನನಗೆ ಫೋನು ಮಾಡಿದಳು. “ಇವತ್ತು ಆಡು. ನಾಳೆ ಯಾರದರ ಕೂಸು ಬಿದ್ರ ಏನ್ ಮಾಡ್ತಿ? ನಿನ್ನ ಲೆಕ್ಕದಾಗ ಅದು ಎಲ್ಲಿ ಬರದಿ?”

ನನ್ನ ಬಳಿ ಉತ್ತರ ಇರಲಿಲ್ಲ. ಕೃಷಿ ಹೊಂಡಕ್ಕೆ ಬಿದ್ದ ಮಕ್ಕಳ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಪ್ರತಿ ವರ್ಷ ಬರುತ್ತದೆ. ಈಜು ಬಲ್ಲವರೂ ಮುಳುಗುವುದು ನೀರಿನ ಆಳಕ್ಕಲ್ಲ, ಬದಿಯಲ್ಲಿ ಹಿಡಿಯಲು ಏನೂ ಸಿಗದ್ದಕ್ಕೆ. ಮರುವಾರವೇ ಕಲ್ಲುಕಂಬ ನೆಟ್ಟು ಆಳೆತ್ತರದ ತಂತಿ ಬಲೆ ಬಿಗಿದು ಬೀಗ ಹಾಕಿದೆವು. ಒಳಗೆ ನಾಲ್ಕೂ ಬದಿಯಲ್ಲಿ ಗಂಟು ಹಾಕಿದ ದಪ್ಪ ಹಗ್ಗ, ಒಂದೊಂದಕ್ಕೂ ಹಳೆ ಟೈರುಗಳನ್ನು ಕಟ್ಟಿ ತಳದವರೆಗೆ ಇಳಿಬಿಟ್ಟಿದ್ದೇವೆ.

ಆಡಿನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಟಬ್ಬು ದಿನಕ್ಕೆ ಅರ್ಧ ಸೆಂ.ಮೀ. ಇಳಿಯುತ್ತಿದ್ದರೆ ಹೊಂಡ ಮೂರು ಸೆಂ.ಮೀ. ಇಳಿಯತೊಡಗಿತು. ಹಾಳೆಯಲ್ಲಿ ಎಲ್ಲೋ ತೂತು. ಏಳುನೂರು ಚದರ ಮೀಟರಿನಲ್ಲಿ ಹುಡುಕುವುದು ಹೇಗೆ? ಏನೂ ಮಾಡಬೇಡ, ದಿನಾ ಬೆಳಿಗ್ಗೆ ಎರಡೂ ಗುರುತು ಬರೆದಿಡು ಎಂದು ತಮ್ಮನಿಗೆ ಹೇಳಿದೆ. ತೂತು ತಳದಲ್ಲಿದ್ದರೆ ನೀರು ಕೊನೆಯವರೆಗೂ ಇಳಿಯುತ್ತಲೇ ಇರುತ್ತದೆ. ಬದಿಯಲ್ಲಿದ್ದರೆ ಮಟ್ಟ ತೂತಿನ ಹತ್ತಿರ ಬಂದಂತೆ ಒತ್ತಡ ಕಡಿಮೆಯಾಗಿ ಇಳಿತ ನಿಧಾನವಾಗುತ್ತದೆ, ತೂತಿಗೆ ಬಂದಾಗ ನಿಲ್ಲುತ್ತದೆ. ಮೂರು, ಎರಡೂವರೆ, ಒಂದೂವರೆ ಎನ್ನುತ್ತಾ ಬಂದು, ಸುಮಾರು ಇಪ್ಪತ್ತು ದಿನಕ್ಕೆ ಕೋಲಿನ 2 ಮೀಟರ್ 10 ಸೆಂ.ಮೀ. ಗುರುತಿನಲ್ಲಿ ಹೊಂಡವೂ ಟಬ್ಬೂ ಒಂದೇ ಸಮ ಇಳಿಯತೊಡಗಿದವು. ಅಂದರೆ ಆ ಹೊತ್ತಿನ ನೀರಂಚಿನಲ್ಲೇ, ಇಲ್ಲವೇ ಅದರ ಕೂದಲೆಳೆ ಮೇಲೆ ತೂತು ಇದೆ. ತಮ್ಮ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ದಡದಲ್ಲಿ ಇಬ್ಬರಿಗೆ ಹಿಡಿಸಿ, ನೀರಂಚಿನ ಗುಂಟ ಕೈಯಾಡಿಸುತ್ತಾ ಹೋದ. ಆಡು ಒದ್ದಾಡಿದ ಬದಿಯಲ್ಲೇ ಮೂರು ಬೆರಳಗಲದ ಸೀಳು.

ಎಚ್‌ಡಿಪಿಇಗೆ ಯಾವ ಗೋಂದೂ ಹಿಡಿಯುವುದಿಲ್ಲ. ಸೈಕಲ್ ಟ್ಯೂಬಿಗೆ ಹಾಕುವ ಸಲ್ಯೂಷನ್ ಹಚ್ಚಿ ತೇಪೆ ಹಾಕಿದರೆ ವಾರದಲ್ಲಿ ಸಿಪ್ಪೆಯ ಹಾಗೆ ಏಳುತ್ತದೆ. ಬಿಸಿಗಾಳಿಯಿಂದ ಬೆಸೆಯುವುದೊಂದೇ ದಾರಿ. ದೀಪಾವಳಿಗೆ ಹೋಗುವಾಗ ವರ್ಕ್‌ಶಾಪಿನ ಹಾಟ್ ಏರ್ ಗನ್ನು, ಒಂದು ರಬ್ಬರ್ ರೋಲರು ಚೀಲದಲ್ಲಿ ಹಾಕಿಕೊಂಡೆ. ಅಷ್ಟರಲ್ಲಿ ತೊಗರಿಗೆ ಒಂದು ನೀರು ಕೊಟ್ಟು ಮಟ್ಟ ಇನ್ನೂ ಇಳಿದಿತ್ತು, ಸೀಳು ಒಣಗಿ ಕಾಣುತ್ತಿತ್ತು. ಸುತ್ತ ಒರೆಸಿ, ಉಳಿದಿದ್ದ ಅದೇ ಹಾಳೆಯಿಂದ ಸೀಳಿಗಿಂತ ಎಲ್ಲ ಕಡೆ ಗೇಣುದ್ದ ದೊಡ್ಡದಾದ ತೇಪೆ ಕತ್ತರಿಸಿ, ಮೂಲೆಗಳನ್ನು ದುಂಡಗೆ ಮಾಡಿ, ಎರಡು ಹಾಳೆಯ ನಡುವೆ ಗಾಳಿ ಬಿಟ್ಟು ಮೇಲ್ಮೈ ಮಿರುಗತೊಡಗಿದ ಕೂಡಲೆ ರೋಲರಿನಿಂದ ಒತ್ತಿದೆ. ಹೊಗೆ ಬಂದರೆ ಸುಟ್ಟಿತು ಎಂದು ಅರ್ಥ. ಮೊದಲ ತೇಪೆ ಸುಟ್ಟೆ, ಎರಡನೆಯದು ಕೂತಿತು. ಮಾವ ದಡದಲ್ಲಿ ಕೂತು ನೋಡುತ್ತಿದ್ದ. “ಜೇಡಿ ಆಗಿದ್ರ ಆಡು ತುಳದಷ್ಟೂ ಗಟ್ಟಿ ಆಗ್ತಿತ್ತು” ಅಂದ.

ಹಾಳೆ ಆವಿಯನ್ನು ತಡೆಯುವುದಿಲ್ಲ. ಅಕ್ಟೋಬರಿನಿಂದ ಆರು ವಾರಕ್ಕೆ ಸುಮಾರು 80,000 ಲೀಟರ್ ಬಿಸಿಲಿಗೆ ಹೋಗುತ್ತದೆ, ಆದರೆ ಹಳೆಯ ಹೊಂಡದಲ್ಲಿ ಅಷ್ಟನ್ನು ನೆಲ ಮೂರು ದಿನದಲ್ಲಿ ಕುಡಿಯುತ್ತಿತ್ತು. ನೀರಿನ ಮೇಲೆ ಉಳಿಯುವ ಹಾಳೆಯ ಪಟ್ಟಿ ಬಿಸಿಲಿಗೆ ಬೇಗ ಪುಡಿಯಾಗುತ್ತದೆ ಎಂದು ಅದಕ್ಕೆ ಹಳೆ ಗೋಣಿಚೀಲ ಹೊದಿಸಿದ್ದೇವೆ. ಪಂಪಿನ ಫುಟ್‌ವಾಲ್ವನ್ನು ಒಂದು ಟ್ಯೂಬಿಗೆ ಕಟ್ಟಿ ತೇಲಿಬಿಟ್ಟಿದ್ದೇವೆ, ತಳಕ್ಕೆ ತಾಗಿದರೆ ಅದೇ ಇನ್ನೊಂದು ತೂತಾಗುತ್ತದೆ.

ತಮ್ಮ ಈಗ ದಿನಾ ಬೆಳಿಗ್ಗೆ ನಾನು ಉಪ್ಪಲ್‌ನಲ್ಲಿ ಚಹಾ ಕುಡಿಯುವ ಹೊತ್ತಿಗೆ ಎರಡು ಅಂಕೆ ಕಳಿಸುತ್ತಾನೆ, ಒಂದು ಟಬ್ಬಿನದು, ಒಂದು ಹೊಂಡದ್ದು, ಮಿ.ಮೀ. ಲೆಕ್ಕದಲ್ಲಿ. ಇವತ್ತಿನದು 5, 5. ಅದರ ಕೆಳಗೆ ಬೇಲಿಯ ಬೀಗದ ಫೋಟೋ ಇತ್ತು. ಅದು ಅವ್ವನ ಕಟ್ಟಪ್ಪಣೆ.